ಬಿಲ್ ಒಂದು, ಎಂಟ್ರಿ ಇನ್ನೊಂದು: ಓಸಿಆರ್ ಮತ್ತು ಬಾಟ್ ಎಡವಿದಾಗ ಎಲ್ಲಿ ನೋಡಬೇಕು

ಶಿವಮೊಗ್ಗದ ಮಾಚೇನಹಳ್ಳಿ ಕಡೆಯ ಒಂದು ಮಧ್ಯಮ ಗಾತ್ರದ ಫೌಂಡ್ರಿಯ ಅಕೌಂಟ್ಸ್ ವಿಭಾಗವನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದದ್ದು ಇದು. ಅಲ್ಲಿಗೆ ಬರುವ ಬಿಲ್‌ಗಳು ಒಂದೇ ಥರದವಲ್ಲ. ಭದ್ರಾವತಿಯ ಹಾರ್ಡ್‌ವೇರ್ ಅಂಗಡಿಯದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಕಾರ್ಬನ್ ಕಾಪಿ, ಕೊಯಮತ್ತೂರಿನದು ಮೇಲ್‌ನಲ್ಲಿ ಬರುವ ಪಿಡಿಎಫ್, ತೀರ್ಥಹಳ್ಳಿ ಕಡೆಯ ಸಣ್ಣ ಪಾರ್ಟಿ ಕಳಿಸುವುದು ವಾಟ್ಸಾಪ್ ಫೋಟೊ. ಸ್ಕ್ಯಾನರ್ ಚಿತ್ರ ತೆಗೆಯುತ್ತದೆ, ಓಸಿಆರ್ ಚಿತ್ರದಿಂದ ಅಕ್ಷರ ಓದುತ್ತದೆ, ಒಂದು ಪರಿಶೀಲನೆ ಹಂತ ಲೆಕ್ಕ ತಾಳೆ ನೋಡುತ್ತದೆ, ಬಾಟ್ ಅದನ್ನು ಟ್ಯಾಲಿಗೆ ಏರಿಸುತ್ತದೆ. ಅನುಮಾನ ಬಂದ ಬಿಲ್‌ಗಳು ಎಕ್ಸೆಪ್ಶನ್ ಪಟ್ಟಿಗೆ ಹೋಗಿ ಮನುಷ್ಯರಿಗಾಗಿ ಕಾಯುತ್ತವೆ.

ಏನೇ ತಪ್ಪು ಕಂಡರೂ ಮೊದಲು ಬಾಟ್‌ನ ಶೆಡ್ಯೂಲ್ ನಿಲ್ಲಿಸಿ. ನೀವು ಕಾರಣ ಹುಡುಕುವಷ್ಟರಲ್ಲಿ ಅದು ಇನ್ನೂ ನಲವತ್ತು ಬಿಲ್ ತಪ್ಪಾಗಿ ಏರಿಸಿರಬಹುದು. ಆಮೇಲೆ ಕೆಟ್ಟ ಬಿಲ್ ಒಂದನ್ನೇ ತೆಗೆದುಕೊಂಡು ಅದರ ನಾಲ್ಕು ರೂಪಗಳನ್ನು ಪಕ್ಕಪಕ್ಕ ಇಡಿ: ಕಾಗದ, ಸ್ಕ್ಯಾನ್ ಆದ ಚಿತ್ರ, ಓಸಿಆರ್ ಕೊಟ್ಟ ಕಚ್ಚಾ ಪಠ್ಯ, ಟ್ಯಾಲಿಯಲ್ಲಿ ಕೂತ ವೋಚರ್. ಯಾವ ಎರಡರ ನಡುವೆ ಮೊದಲ ವ್ಯತ್ಯಾಸ ಕಾಣುತ್ತದೋ ದೋಷ ಅಲ್ಲಿದೆ. ಚಿತ್ರವೇ ಕೆಟ್ಟಿರುವಾಗ ಬಾಟ್‌ನ ವರ್ಕ್‌ಫ್ಲೋ ಬಿಚ್ಚಿ ಕೂರುವುದು ಈ ಕೆಲಸದಲ್ಲಿ ಅತಿ ಹೆಚ್ಚು ಸಮಯ ತಿನ್ನುವ ಅಭ್ಯಾಸ.

## ಲಕ್ಷಣ: ಇದ್ದಕ್ಕಿದ್ದಂತೆ ಬಹಳಷ್ಟು ಬಿಲ್ ಎಕ್ಸೆಪ್ಶನ್ ಪಟ್ಟಿಗೆ ಬೀಳುತ್ತಿವೆ

ನಿನ್ನೆಯವರೆಗೆ ಸರಿಯಿದ್ದು ಇವತ್ತು ಎಲ್ಲ ಪಾರ್ಟಿಗಳ ಬಿಲ್‌ಗಳೂ ಬೀಳುತ್ತಿದ್ದರೆ ಸಾಫ್ಟ್‌ವೇರ್ ಮುಟ್ಟುವ ಮೊದಲು ಸ್ಕ್ಯಾನರ್ ನೋಡಿ. ಖರ್ಚಿಲ್ಲದ ಪರೀಕ್ಷೆ ಇದು: ಇವತ್ತಿನ ಐದಾರು ಚಿತ್ರಗಳನ್ನು ದೊಡ್ಡದು ಮಾಡಿ ನೋಡಿ. ಎಲ್ಲ ಪುಟಗಳಲ್ಲೂ ಒಂದೇ ಜಾಗದಲ್ಲಿ ಮೇಲಿಂದ ಕೆಳಗೆ ತೆಳ್ಳನೆಯ ಗೆರೆ ಇದ್ದರೆ ಫೀಡರ್ ಕೆಳಗಿನ ಸಣ್ಣ ಗಾಜಿನ ಪಟ್ಟಿಯ ಮೇಲೆ ಕೊಳೆ ಕೂತಿದೆ. ಕಾಗದ ಚಲಿಸುತ್ತದೆ, ಗಾಜು ಚಲಿಸುವುದಿಲ್ಲ. ಹಾಗಾಗಿ ಒಂದು ಚುಕ್ಕೆ ಧೂಳು ಇಡೀ ಪುಟಕ್ಕೆ ಗೆರೆ ಎಳೆಯುತ್ತದೆ. ಆ ಗೆರೆ ಮೊತ್ತದ ಕಾಲಂ ಮೇಲೆ ಹಾದುಹೋದರೆ ಓಸಿಆರ್‌ಗೆ ಅದು `1` ಅಥವಾ `|` ಆಗಿ ಕಾಣುತ್ತದೆ. ಸ್ವಿಚ್ ಆಫ್ ಮಾಡಿ, ಪ್ಲಗ್ ತೆಗೆದು, ನೂಲು ಬಿಡದ ಬಟ್ಟೆಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿ ಒರೆಸಿ. ಗಾಜಿನ ಮೇಲೆ ನೇರವಾಗಿ ದ್ರವ ಸುರಿಯಬೇಡಿ, ಅಂಚಿನಿಂದ ಒಳಗಿಳಿಯುತ್ತದೆ.

ಚಿತ್ರ ಓರೆಯಾಗಿದ್ದರೆ, ಅಥವಾ ಎರಡು ಹಾಳೆ ಒಟ್ಟಿಗೆ ಹೋಗಿ ಒಂದು ಬಿಲ್ ಮಾಯವಾಗಿದ್ದರೆ, ಅದು ಮಳೆಗಾಲದ ಕಾಯಿಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಕಾಗದ ತೇವ ಹೀರಿ ಮೆತ್ತಗಾಗಿ ಒಂದಕ್ಕೊಂದು ಅಂಟುತ್ತದೆ. ಕಟ್ಟನ್ನು ಕೈಯಲ್ಲಿ ಬಿಡಿಸಿ, ಫೀಡರಿಗೆ ಕಡಿಮೆ ಹಾಳೆ ಹಾಕಿ. ತೀರಾ ಮೆತ್ತಗಿದ್ದರೆ ಫ್ಲ್ಯಾಟ್‌ಬೆಡ್ ಬಳಸಿ. ಒಣಗಿಸಲೆಂದು ಬಿಲ್‌ಗಳನ್ನು ಬಿಸಿ ಮಾಡಬೇಡಿ. ಪೆಟ್ರೋಲ್ ಬಂಕ್, ತೂಕದ ಕಾಟಾ ಚೀಟಿಗಳು ಥರ್ಮಲ್ ಕಾಗದದವು, ಬಿಸಿ ತಾಗಿದರೆ ಪೂರ್ತಿ ಕಪ್ಪಾಗುತ್ತವೆ. ಅವು ಬಂದ ದಿನವೇ ಸ್ಕ್ಯಾನ್ ಆಗಬೇಕು, ಇಲ್ಲದಿದ್ದರೆ ತಾವಾಗಿಯೇ ಮಾಸುತ್ತವೆ.

ಮುಂದಿನದು ರೆಸಲ್ಯೂಶನ್. ಮುದ್ರಿತ ಬಿಲ್‌ಗೆ 300 ಡಿಪಿಐ ಬೇಕು. ಯಾರೋ ಫೈಲ್ ಚಿಕ್ಕದಾಗಲೆಂದು 150ಕ್ಕೆ ಇಳಿಸಿರುತ್ತಾರೆ, ಇನ್ನು ಕೆಲವರು ಬಣ್ಣ ಬೇಡವೆಂದು ಶುದ್ಧ ಕಪ್ಪು-ಬಿಳುಪಿಗೆ ಹಾಕಿರುತ್ತಾರೆ. ಕಾರ್ಬನ್ ಕಾಪಿಗೆ ಎರಡನೆಯದೇ ಹೆಚ್ಚು ಅಪಾಯ: ಮಸುಕಾದ ನೇರಳೆ ಚುಕ್ಕೆಗಳು ಬಿಳಿಯ ಪಾಲಾಗುತ್ತವೆ, ಮೊದಲು ಹೋಗುವುದೇ ದಶಮಾಂಶ ಬಿಂದು. ಗ್ರೇಸ್ಕೇಲ್‌ನಲ್ಲಿ ಇಡಿ. ಪಿಡಿಎಫ್ ಒಳಗಿನ ಚಿತ್ರದ ನಿಜವಾದ ಸಾಂದ್ರತೆ ತಿಳಿಯಲು:

```
pdfimages -list bill.pdf
```

`x-ppi` ಮತ್ತು `y-ppi` ಕಾಲಂ ನೋಡಿ. ವಾಟ್ಸಾಪ್‌ನಲ್ಲಿ ಫೋಟೊವಾಗಿ ಕಳಿಸಿದ ಬಿಲ್ ಕುಗ್ಗಿ ಬಂದಿರುತ್ತದೆ. ಅದನ್ನು ಇಲ್ಲಿ ಹಿಗ್ಗಿಸಿದರೆ ಕಳೆದುಹೋದ ವಿವರ ವಾಪಸ್ ಬರುವುದಿಲ್ಲ. ಡಾಕ್ಯುಮೆಂಟ್ ಆಗಿ ಕಳಿಸಲು ಪಾರ್ಟಿಗೆ ಹೇಳಿ.

ಒಂದು ಮಾತು ಇಲ್ಲೇ ಹೇಳಬೇಕು. ಮೇಲ್‌ನಲ್ಲಿ ಬಂದ ಪಿಡಿಎಫ್ ಕಂಪ್ಯೂಟರಿನಲ್ಲೇ ತಯಾರಾಗಿದ್ದರೆ ಅದಕ್ಕೆ ಓಸಿಆರ್ ಬೇಕಿಲ್ಲ. `pdftotext -layout bill.pdf -` ಕೊಟ್ಟು ನೋಡಿ, ಪಠ್ಯ ಬಂದರೆ ಅದನ್ನೇ ಬಳಸಿ. ಹಾಗೆಯೇ ಇ-ಇನ್‌ವಾಯ್ಸ್ ಆಗಿದ್ದರೆ ಕ್ಯೂಆರ್ ಕೋಡ್ ಒಳಗೇ ಮಾರಾಟಗಾರರ ಮತ್ತು ಕೊಳ್ಳುವವರ ಜಿಎಸ್‌ಟಿ ಸಂಖ್ಯೆ, ಬಿಲ್ ನಂಬರ್, ದಿನಾಂಕ, ಒಟ್ಟು ಮೊತ್ತ, ಐಆರ್‌ಎನ್ ಇರುತ್ತವೆ. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ದಾಟಿದವರು ಇತರ ವ್ಯಾಪಾರಿಗಳಿಗೆ ಕೊಡುವ ಬಿಲ್‌ಗೆ ಇದು ಕಡ್ಡಾಯ. ಹಾಗಾಗಿ ದೊಡ್ಡ ಪಾರ್ಟಿಗಳ ಬಹುಪಾಲು ಬಿಲ್‌ಗಳಲ್ಲಿ ತಲೆಬರಹದ ವಿವರಗಳನ್ನು ಊಹಿಸುವ ಕೆಲಸವೇ ಇಲ್ಲ. ಐಟಂವಾರು ದರ ಮತ್ತು ತೆರಿಗೆ ಮಾತ್ರ ಅದರಲ್ಲಿ ಇರುವುದಿಲ್ಲ, ಅದಕ್ಕೆ ಪುಟವನ್ನೇ ಓದಬೇಕು.

## ಲಕ್ಷಣ: "ಪಾರ್ಟಿ ಸಿಗಲಿಲ್ಲ" ಎಂದು ಬಾಟ್ ಹೇಳುತ್ತಿದೆ, ಪಾರ್ಟಿ ಮಾತ್ರ ಹಳೆಯದು

ಬಾಟ್ ಪಾರ್ಟಿಯನ್ನು ಹೆಸರಿನಿಂದ ಹುಡುಕುತ್ತಿದೆಯೋ ಜಿಎಸ್‌ಟಿ ಸಂಖ್ಯೆಯಿಂದಲೋ ಮೊದಲು ತಿಳಿದುಕೊಳ್ಳಿ. ಹೆಸರಿನಿಂದಾದರೆ ಕಾರಣ ಬಹುತೇಕ ಅದೇ. ಒಂದೇ ಅಂಗಡಿ ಬೋರ್ಡಿನಲ್ಲಿ `Sri`, ಬಿಲ್‌ನಲ್ಲಿ `Shree`, ನಿಮ್ಮ ಲೆಡ್ಜರಿನಲ್ಲಿ `Shri` ಆಗಿರುತ್ತದೆ. ನಮ್ಮೂರಿನ ಅಂಗಡಿಗಳ ಪಟ್ಟಿಯಲ್ಲಿ ಶ್ರೀ ಇಲ್ಲದ ಹೆಸರು ಹುಡುಕುವುದೇ ಕಷ್ಟ. ಹುಡುಕಾಟವನ್ನು ಜಿಎಸ್‌ಟಿ ಸಂಖ್ಯೆಗೆ ಬದಲಿಸಿ.

ಸಂಖ್ಯೆಯಿಂದಲೇ ಹುಡುಕಿಯೂ ಸಿಗದಿದ್ದರೆ ಓದಿದ ಸಂಖ್ಯೆ ನಿಮ್ಮದೇ ಕಂಪನಿಯದ್ದೇ ಎಂದು ನೋಡಿ. ಬಿಲ್ ಮೇಲೆ ಎರಡು ಜಿಎಸ್‌ಟಿ ಸಂಖ್ಯೆ ಇರುತ್ತವೆ, ಕೊಟ್ಟವರದು ಮತ್ತು ಕೊಂಡವರದು. ನಿಮ್ಮದನ್ನು ಮೊದಲೇ ಬದಿಗಿಟ್ಟು ಉಳಿದದ್ದನ್ನು ಪಾರ್ಟಿಯದೆಂದು ತೆಗೆದುಕೊಳ್ಳುವ ಒಂದು ಸಾಲಿನ ನಿಯಮ ಸಾಕು.

ಆಮೇಲೆ ಅಕ್ಷರಗಳ ತಪ್ಪು. ಜಿಎಸ್‌ಟಿ ಸಂಖ್ಯೆಯ 15 ಸ್ಥಾನಗಳಿಗೂ ಒಂದೊಂದು ಕಟ್ಟುಪಾಡು ಇದೆ. ಮೊದಲೆರಡು ರಾಜ್ಯದ ಅಂಕಿ, ಕರ್ನಾಟಕಕ್ಕೆ 29, ತಮಿಳುನಾಡಿಗೆ 33. ಮುಂದಿನ ಹತ್ತು ಪ್ಯಾನ್: ಐದು ಅಕ್ಷರ, ನಾಲ್ಕು ಅಂಕಿ, ಒಂದು ಅಕ್ಷರ. ಹದಿಮೂರನೆಯದು ಅದೇ ಪ್ಯಾನ್‌ಗೆ ಆ ರಾಜ್ಯದಲ್ಲಿರುವ ನೋಂದಣಿಯ ಕ್ರಮ, ಹದಿನಾಲ್ಕನೆಯದು ಸಾಮಾನ್ಯವಾಗಿ `Z`, ಹದಿನೈದನೆಯದು ಉಳಿದ ಹದಿನಾಲ್ಕನ್ನು ಕಾಯುವ ತಾಳೆಯ ಅಕ್ಷರ. ಈ ತಾಳೆ ನೋಡುವ ಲೆಕ್ಕ ಇಷ್ಟೇ:

```python
A = "0123456789ABCDEFGHIJKLMNOPQRSTUVWXYZ"
def gst_ok(g):
    s = 0
    for i, c in enumerate(g[:14]):
        p = A.index(c) * (1 + i % 2)
        s += p // 36 + p % 36
    return A[(36 - s % 36) % 36] == g[14]
```

ಉದ್ದ 15 ಇದೆಯೇ, ಅಂಕಿ ಮತ್ತು ದೊಡ್ಡಕ್ಷರ ಬಿಟ್ಟು ಬೇರೇನೂ ಇಲ್ಲವೇ ಎಂದು ಮೊದಲು ನೋಡಿ ಆಮೇಲೆ ಇದನ್ನು ಓಡಿಸಿ. ಮಾದರಿ ಸಂಖ್ಯೆ `29ABCDE1234F1ZW` ತೆಗೆದುಕೊಳ್ಳಿ. ಮೊತ್ತ 184 ಬರುತ್ತದೆ, 36ರಿಂದ ಭಾಗಿಸಿದರೆ ಶೇಷ 4, 36ರಲ್ಲಿ 4 ಕಳೆದರೆ 32, ಆ ಜಾಗದ ಅಕ್ಷರ `W`. ತಾಳೆಯಾಯಿತು. ಓಸಿಆರ್ `Z` ಬದಲು `2` ಓದಿದರೆ ಮೊತ್ತ 153 ಆಗಿ ಬರಬೇಕಾದ ಅಕ್ಷರ `R` ಆಗುತ್ತದೆ, ಬಿಲ್‌ನಲ್ಲಿರುವುದು `W`. ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಸರಿಪಡಿಸುವುದು ಹೇಗೆ? ಸ್ಥಾನ ನೋಡಿ. ಅಕ್ಷರ ಇರಬೇಕಾದಲ್ಲಿ `8` ಬಂದಿದ್ದರೆ `B`, `5` ಬಂದಿದ್ದರೆ `S`, `0` ಬಂದಿದ್ದರೆ `O`. ಅಂಕಿ ಇರಬೇಕಾದಲ್ಲಿ ಇದರ ಉಲ್ಟಾ. ಅಂಕಿಯ ಜಾಗದಲ್ಲಿ `3` ಬದಲು `8` ಬಂದರೆ ಮಾತ್ರ ಸ್ಥಾನದಿಂದ ಗೊತ್ತಾಗುವುದಿಲ್ಲ. ತಾಳೆ ತಪ್ಪಿದ್ದು ತಿಳಿಯುತ್ತದೆಯೇ ಹೊರತು ಎಲ್ಲಿ ತಪ್ಪಿತೆಂದು ತಿಳಿಯುವುದಿಲ್ಲ. ಆಗ ಒಂದೊಂದೇ ಅಂಕಿ ಬದಲಿಸಿ ತಾಳೆಯಾಗುವವರೆಗೆ ಪ್ರಯತ್ನಿಸುವ ಸ್ಕ್ರಿಪ್ಟ್ ಬರೆಯುವ ಆಸೆ ಬರುತ್ತದೆ. ಬೇಡ. ಯಾವುದೋ ಒಂದು ತಪ್ಪು ಸಂಖ್ಯೆಯೂ ಸುಮಾರು 36ರಲ್ಲಿ ಒಂದು ಸಲ ತಾಳೆಯಾಗಿಬಿಡುತ್ತದೆ. ಇಪ್ಪತ್ತು ಬದಲಾವಣೆ ಪ್ರಯತ್ನಿಸಿದರೆ ಅವುಗಳಲ್ಲಿ ಒಂದಾದರೂ ಸುಳ್ಳು ತಾಳೆ ಸಿಗುವ ಸಾಧ್ಯತೆ ಶೇ 40 ದಾಟುತ್ತದೆ. ತಿದ್ದಿದ ಸಂಖ್ಯೆ ತಾಳೆಯೂ ಆಗಬೇಕು, ನಿಮ್ಮ ಪಾರ್ಟಿ ಪಟ್ಟಿಯಲ್ಲೂ ಇರಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೂ ಎಕ್ಸೆಪ್ಶನ್ ಪಟ್ಟಿಗೆ ಕಳಿಸಿ, ಮನುಷ್ಯರು ಕಾಗದ ನೋಡಲಿ.

## ಲಕ್ಷಣ: ಮೊತ್ತ ಕೂಡುತ್ತಿಲ್ಲ, ಅಥವಾ ತಪ್ಪು ಮೊತ್ತ ಸದ್ದಿಲ್ಲದೆ ಎಂಟ್ರಿಯಾಗಿದೆ

ಎರಡನೆಯದು ಹೆಚ್ಚು ಕೆಟ್ಟದ್ದು. ಅದು ನಡೆದಿದ್ದರೆ ಪರಿಶೀಲನೆ ಹಂತ ಓಸಿಆರ್‌ನ ಕಾನ್ಫಿಡೆನ್ಸ್ ಅಂಕವನ್ನೇ ನಂಬಿಕೊಂಡಿದೆ ಎಂದರ್ಥ. ಓಸಿಆರ್ ತಂತ್ರಾಂಶವಾದ ಟೆಸೆರಾಕ್ಟ್‌ನ `tsv` ಔಟ್‌ಪುಟ್‌ನಲ್ಲಿ `conf` ಎಂಬ ಕಾಲಂ ಇರುತ್ತದೆ. ಅಲ್ಲಿ 95 ಇದ್ದರೆ ಆಕಾರ ಸ್ಪಷ್ಟವಾಗಿ ಕಂಡಿತು ಎಂದಷ್ಟೇ ಹೇಳಬಹುದು. ಬಿಂದು ಅಳಿಸಿಹೋದ `145530` ಬಹಳ ಸ್ಪಷ್ಟವಾಗಿಯೇ ಕಾಣುತ್ತದೆ. ಮಿತಿಯನ್ನು 80ರಿಂದ 90ಕ್ಕೆ ಏರಿಸಿದರೆ ಸರಿಯಿದ್ದ ಬಿಲ್‌ಗಳೂ ಬೀಳುತ್ತವೆ, ಈ ತಪ್ಪು ಮಾತ್ರ ಹಾಗೇ ದಾಟುತ್ತದೆ. ಕಾಯಬೇಕಾದ್ದು ಬಿಲ್‌ನ ಒಳಗಿನ ಲೆಕ್ಕವೇ.

ಒಂದು ಬಿಲ್ ಪೂರ್ತಿ ನೋಡೋಣ. ವೆಲ್ಡಿಂಗ್ ರಾಡ್ 42 ಪ್ಯಾಕೆಟ್, ದರ 385.00, ಸಾಲಿನ ಮೊತ್ತ 16,170.00. ಸಿಜಿಎಸ್‌ಟಿ ಶೇ 9ಕ್ಕೆ 1,455.30, ಎಸ್‌ಜಿಎಸ್‌ಟಿ ಅಷ್ಟೇ. ಕೂಡಿದರೆ 19,080.60, ರೌಂಡ್ ಆಫ್ 0.40, ಒಟ್ಟು 19,081. ಇದರಲ್ಲಿ ಒಂದನ್ನೊಂದು ಕಾಯುವ ಸಂಬಂಧಗಳು ನಾಲ್ಕು: ಸಂಖ್ಯೆ ಗುಣಿಸು ದರ ಸಾಲಿನ ಮೊತ್ತಕ್ಕೆ ಸಮ, ಮೊತ್ತದ ಶೇ 9 ತೆರಿಗೆಗೆ ಸಮ, ಎರಡು ತೆರಿಗೆಗಳು ಒಂದಕ್ಕೊಂದು ಸಮ, ಎಲ್ಲ ಕೂಡಿದ್ದು ಒಟ್ಟಿಗೆ ಸಮ. ಯಾವ ಸಂಬಂಧ ಮುರಿಯಿತು, ಯಾವುದು ಉಳಿಯಿತು ಎಂಬುದೇ ತಪ್ಪು ಕೂತ ಜಾಗ ತೋರಿಸುತ್ತದೆ.

ಓಸಿಆರ್ ದರವನ್ನು 335 ಎಂದು ಓದಿತು ಎನ್ನಿ. ಮೊದಲ ಸಂಬಂಧ ಮಾತ್ರ ಮುರಿಯುತ್ತದೆ: 42 ಗುಣಿಸು 335 ಎಂದರೆ 14,070, ವ್ಯತ್ಯಾಸ 2,100. ತೆರಿಗೆ ಮತ್ತು ಒಟ್ಟು ಕೂಡುತ್ತಿರುವುದರಿಂದ ಸಾಲಿನ ಮೊತ್ತ ಸರಿ. 2,100ನ್ನು 42ರಿಂದ ಭಾಗಿಸಿದರೆ ಸರಿಯಾಗಿ 50. ದರದಲ್ಲಿ ಐವತ್ತು ಕಡಿಮೆ, ಅಂದರೆ ನಡುವಿನ 8 ಅನ್ನು 3 ಎಂದು ಓದಿದೆ. ಡಾಟ್ ಮ್ಯಾಟ್ರಿಕ್ಸ್‌ನಲ್ಲಿ ಎಡಗಡೆಯ ಚುಕ್ಕೆಗಳು ಮಾಸಿದರೆ 8 ಹೀಗೇ 3 ಆಗುತ್ತದೆ. ರಿಬ್ಬನ್ ಬದಲಿಸಿ ಎಂದು ಅಂಗಡಿಯವರಿಗೆ ಹೇಳುವುದೇ ಇದಕ್ಕೆ ಅಗ್ಗದ ಪರಿಹಾರ.

ಸಿಜಿಎಸ್‌ಟಿ 145530 ಎಂದು ಬಂದರೆ ಎರಡು ತೆರಿಗೆಗಳ ಅನುಪಾತ ಸರಿಯಾಗಿ 100. ಅನುಪಾತ 10 ಅಥವಾ 100 ಬಂದಾಗ ಬಿಂದು ಹೋಗಿದೆ ಎಂದೇ ತಿಳಿಯಿರಿ. ಮೊತ್ತದ ಕಾಲಂ ಅನ್ನು ಬೇರೆಯಾಗಿ ಕತ್ತರಿಸಿ, ಅಂಕಿಗಳನ್ನು ಮಾತ್ರ ಓದಲು ಹೇಳಿ ಇನ್ನೊಮ್ಮೆ ಓಡಿಸಿ:

```
tesseract amt.png out -l eng --psm 6 \
  -c tessedit_char_whitelist=0123456789.,
```

ಇಲ್ಲಿ `kan` ಸೇರಿಸಿಲ್ಲದ್ದು ಗಮನಿಸಿ. ಅಂಗಡಿಯ ಹೆಸರು ಕನ್ನಡದಲ್ಲಿದೆ ಎಂದು ಇಡೀ ಪುಟಕ್ಕೆ `kan+eng` ಹಾಕಿದರೆ ಅಂಕಿಗಳ ನಡುವೆ ಸೊನ್ನೆಯ ಜಾಗದಲ್ಲಿ ಕನ್ನಡದ `೦` ಬಂದು ಕೂರಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಕನ್ನಡ ಬೇಕಾದ ಭಾಗಕ್ಕೆ ಮಾತ್ರ ಕನ್ನಡ ಹಾಕಿ. ಬಿಲ್ಲೇ ಕನ್ನಡ ಅಂಕಿಯಲ್ಲಿದ್ದರೆ ಓದಿದ ಮೇಲೆ ೦ರಿಂದ ೯ರವರೆಗಿನವನ್ನು 0ರಿಂದ 9ಕ್ಕೆ ಬದಲಿಸಿ ಆಮೇಲೆ ಲೆಕ್ಕ ಹಾಕಿ.

ಎಷ್ಟು ವ್ಯತ್ಯಾಸ ಬಿಡಬಹುದು? ರೌಂಡ್ ಆಫ್‌ಗಾಗಿ ಒಂದು ರೂಪಾಯಿಯೊಳಗೆ, ಅದಕ್ಕಿಂತ ಹೆಚ್ಚಿಲ್ಲ. ಶೇಕಡಾವಾರು ಮಿತಿ ಇಡಬೇಡಿ. ಎರಡು ಲಕ್ಷದ ಪಿಗ್ ಐರನ್ ಬಿಲ್‌ನಲ್ಲಿ ಅರ್ಧ ಶೇಕಡಾ ಎಂದರೆ ಸಾವಿರ ರೂಪಾಯಿ.

ಕಾಗದದ ಮೇಲೇ ಲೆಕ್ಕ ತಪ್ಪಿದ್ದರೆ ಅದು ಓಸಿಆರ್ ದೋಷವಲ್ಲ. ಬೇರೆ ರಾಜ್ಯದಿಂದ ನಮಗೆ ಬಂದ ಸರಕಿಗೆ ಐಜಿಎಸ್‌ಟಿ ಹಾಕದೆ ಸಿಜಿಎಸ್‌ಟಿ ಹಾಕಿರುವುದೂ ಇದೇ ಗುಂಪು. ಅಂಥದ್ದನ್ನು ನೀವೇ ತಿದ್ದಿ ಎಂಟ್ರಿ ಮಾಡಬಾರದು. ಬಿಲ್ ವಾಪಸ್ ಮಾಡಿ, ಸರಿಪಡಿಸಿದ ಬಿಲ್ ಅಥವಾ ಕ್ರೆಡಿಟ್ ನೋಟ್ ಕೇಳಿ.

## ಲಕ್ಷಣ: ದಿನಾಂಕ ತಿರುಗುಮುರುಗು

ತಿಂಗಳ 1ರಿಂದ 12ರವರೆಗಿನ ಬಿಲ್‌ಗಳು ತಪ್ಪು ತಿಂಗಳಿಗೆ ಹೋಗಿ, 13ರಿಂದ ಮುಂದಿನವು ದಿನಾಂಕದ ಎರರ್ ಕೊಡುತ್ತಿದ್ದರೆ ಬೇರೇನೂ ಹುಡುಕಬೇಡಿ. ಬಾಟ್ ಓಡುವ ಕಂಪ್ಯೂಟರ್ ಅಮೆರಿಕದ ಪದ್ಧತಿಯಲ್ಲಿ ತಿಂಗಳನ್ನು ಮೊದಲು ಓದುತ್ತಿದೆ. 03/07 ಅದಕ್ಕೆ ಮಾರ್ಚ್ 7. ವಿಂಡೋಸ್‌ನ ರೀಜನ್ ಅನ್ನು `English (India)` ಮಾಡಿ, ವರ್ಕ್‌ಫ್ಲೋ ಒಳಗೂ `dd/MM/yyyy` ಎಂದು ಬರೆದುಬಿಡಿ. ಹೊಸ ಕಂಪ್ಯೂಟರಿಗೆ ಬಾಟ್ ಸ್ಥಳಾಂತರಿಸಿದ ವಾರ ಇದು ತಪ್ಪದೆ ಕಾಣಿಸುತ್ತದೆ. 7ನೇ ತಾರೀಕು 7ನೇ ತಿಂಗಳಿನ ಬಿಲ್ ಇಟ್ಟು ಪರೀಕ್ಷೆ ಮಾಡಬೇಡಿ.

## ಲಕ್ಷಣ: ಒಂದೇ ಪಾರ್ಟಿಯ ಬಿಲ್‌ಗಳು ಮಾತ್ರ ತಪ್ಪು

ಅವರು ಬಿಲ್‌ನ ನಮೂನೆ ಬದಲಿಸಿದ್ದಾರೆ. ಬಿಲ್ ನಂಬರ್ ಜಾಗದಲ್ಲಿ 12 ಅಂಕಿಯ ಸಂಖ್ಯೆ ಬಂದಿದ್ದರೆ ಅದು ಇ-ವೇ ಬಿಲ್ ನಂಬರ್. `KA` ಎಂದು ಶುರುವಾಗಿದ್ದರೆ ಲಾರಿ ನಂಬರ್. ಕಾನೂನಿನ ಪ್ರಕಾರ ಬಿಲ್ ನಂಬರ್ 16 ಅಕ್ಷರ ಮೀರುವಂತಿಲ್ಲ, ಅಕ್ಷರ, ಅಂಕಿ, `-` ಮತ್ತು `/` ಮಾತ್ರ ಇರಬಹುದು. ಈ ಜರಡಿ ಹಾಕಿದರೆ ಎಷ್ಟೋ ಕಸ ನಿಲ್ಲುತ್ತದೆ. ಹೊಸ ನಮೂನೆಯ ಮೂರು ಬಿಲ್ ಇಟ್ಟುಕೊಂಡು ಟೆಂಪ್ಲೇಟ್ ಮರು ಹೊಂದಿಸಿ, ಹಳೆಯದನ್ನು ಅಳಿಸಬೇಡಿ. ಹಳೇ ಬಿಲ್ ಪುಸ್ತಕ ಮುಗಿಯುವವರೆಗೆ ಎರಡೂ ಬರುತ್ತವೆ.

## ಲಕ್ಷಣ: ಓದಿದ್ದು ಸರಿ, ಟ್ಯಾಲಿಯಲ್ಲಿ ತಪ್ಪು ಜಾಗದಲ್ಲಿ ಕೂತಿದೆ

ಓಸಿಆರ್ ಪಠ್ಯ ಸರಿಯಿದ್ದು ಬಿಲ್ ನಂಬರ್ ದಿನಾಂಕದ ಜಾಗದಲ್ಲಿ, ಪಾರ್ಟಿ ಹೆಸರು ವಿವರಣೆಯಲ್ಲಿ ಬಂದಿದ್ದರೆ ದೋಷ ಬಾಟ್‌ನ ಟೈಪಿಂಗ್‌ನಲ್ಲಿದೆ. ಬ್ರೌಸರ್‌ನಲ್ಲಿರುವ ಹಾಗೆ ಟ್ಯಾಲಿಯ ಪರದೆಯ ಪ್ರತಿ ಕಾಲಂ ಅನ್ನು ಬಾಟ್ ಹೆಸರು ಹಿಡಿದು ಗುರುತಿಸಲು ಆಗುವುದಿಲ್ಲ. ಹಾಗಾಗಿ ಅದು ಕೀಲಿಗಳನ್ನು ಕಣ್ಣುಮುಚ್ಚಿ ಒತ್ತುತ್ತದೆ. ನಡುವೆ ಒಂದು ಸಂದೇಶ ಪೆಟ್ಟಿಗೆ ಬಂದರೆ, ಯಾರೋ ಮೌಸ್ ಮುಟ್ಟಿದರೆ, ವೋಚರ್ ಸೆಟಿಂಗ್‌ನಲ್ಲಿ ಹೊಸ ಕಾಲಂ ಒಂದು ತೆರೆದರೆ, ಆಮೇಲಿನದೆಲ್ಲ ಒಂದೊಂದು ಮನೆ ಮುಂದೆ ಸರಿಯುತ್ತದೆ.

ಮೊದಲು ವೋಚರ್ ಸೆಟಿಂಗ್ ಬದಲಾಗಿದೆಯೇ ಕೇಳಿ. ಆಮೇಲೆ ತಪ್ಪಿದ ಕ್ಷಣದ ಸ್ಕ್ರೀನ್‌ಶಾಟ್ ನೋಡಿ. ಬಾಟ್ ಸ್ಕ್ರೀನ್‌ಶಾಟ್ ಉಳಿಸುತ್ತಿಲ್ಲವಾದರೆ ಮೊದಲ ದುರಸ್ತಿ ಅದೇ. ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಓಡಿಸಿ ಕಿಟಕಿ ಮಿನಿಮೈಸ್ ಮಾಡಿದ್ದೀರಾ, ಡಿಸ್‌ಪ್ಲೇ ಸ್ಕೇಲಿಂಗ್ 100ರಿಂದ 125ಕ್ಕೆ ಹೋಗಿದೆಯಾ ಎಂಬುದನ್ನೂ ಪರಿಶೀಲಿಸಿ.

ನಿಜವಾದ ಪರಿಹಾರ ಕೀಲಿ ಒತ್ತುವುದನ್ನೇ ಬಿಡುವುದು. ಟ್ಯಾಲಿಪ್ರೈಮ್ ಎಕ್ಸ್‌ಎಂಎಲ್ ರೂಪದ ವೋಚರನ್ನು ನೆಟ್‌ವರ್ಕ್ ಮೂಲಕವೇ ತೆಗೆದುಕೊಳ್ಳುತ್ತದೆ, ರೂಢಿಯ ಪೋರ್ಟ್ 9000. ಉತ್ತರವೂ ಬರುತ್ತದೆ:

```xml
<CREATED>1</CREATED>
<ERRORS>0</ERRORS>
```

`CREATED` ಸೊನ್ನೆ ಇದ್ದರೆ `LINEERROR` ಓದಿ, ಸಾಮಾನ್ಯವಾಗಿ ಲೆಡ್ಜರ್ ಹೆಸರು ಸಿಗಲಿಲ್ಲ ಎಂದಿರುತ್ತದೆ. ಈ ಪೋರ್ಟನ್ನು ಕಚೇರಿಯ ಹೊರಗಿನ ನೆಟ್‌ವರ್ಕಿಗೆ ಎಂದೂ ತೆರೆಯಬೇಡಿ. ಹೊಸ ದಾರಿಯ ಮೊದಲ ಕೆಲವು ದಿನ ವೋಚರ್‌ಗಳನ್ನು ಆಪ್ಶನಲ್ ಆಗಿ ಏರಿಸಿ. ಯಾರಾದರೂ ನೋಡಿ ಒಪ್ಪುವವರೆಗೆ ಅವು ಲೆಕ್ಕಕ್ಕೆ ಸೇರುವುದಿಲ್ಲ.

## ಲಕ್ಷಣ: ಒಂದೇ ಬಿಲ್ ಎರಡು ಸಲ ಎಂಟ್ರಿ

ಮಳೆಗಾಲದಲ್ಲಿ ಇದು ಹೆಚ್ಚಾಗುವುದಕ್ಕೆ ಕಾರಣ ಪದೇಪದೇ ಹೋಗುವ ನೆಟ್ ಮತ್ತು ಕರೆಂಟ್. ಬಾಟ್‌ನ ಲಾಗ್ ತೆಗೆದರೆ ಈ ಥರ ಕಾಣುತ್ತದೆ:

```
11:42:07  SB/0147/25-26  In Progress
11:42:31  Save
11:43:01  Timeout
11:43:02  Retried
11:43:40  SB/0147/25-26  In Progress
11:44:05  Save
11:44:07  Successful
```

11:42:31ಕ್ಕೆ ವೋಚರ್ ನಿಜವಾಗಿಯೂ ಉಳಿದಿದೆ. ಆ ಸುದ್ದಿ ವಾಪಸ್ ಬರುವಷ್ಟರಲ್ಲಿ ನೆಟ್ ಹೋಯಿತು. ಬಾಟ್ ಮೂವತ್ತು ಸೆಕೆಂಡ್ ಕಾದು, ಆಗಲಿಲ್ಲವೆಂದು ತಿಳಿದು ಮತ್ತೆ ಮಾಡಿತು. ಅದರ ಲೆಕ್ಕದಲ್ಲಿ ಒಂದೇ ಸಲ ಯಶಸ್ವಿ, ಟ್ಯಾಲಿಯಲ್ಲಿ ಎರಡು ವೋಚರ್.

ಎಕ್ಸೆಪ್ಶನ್‌ಗಳಲ್ಲಿ ಎರಡು ಜಾತಿ ಇರುವುದು ಇಲ್ಲಿ ಮುಖ್ಯವಾಗುತ್ತದೆ. ಮೊತ್ತ ಕೂಡಲಿಲ್ಲ, ಪಾರ್ಟಿ ಪಟ್ಟಿಯಲ್ಲಿಲ್ಲ ಎಂಬಂಥವು ವ್ಯವಹಾರದ ಎಕ್ಸೆಪ್ಶನ್. ನೂರು ಸಲ ಮತ್ತೆ ಓಡಿಸಿದರೂ ಉತ್ತರ ಬದಲಾಗದು, ಹಾಗಾಗಿ ಮರುಪ್ರಯತ್ನವಿಲ್ಲದೆ ಮನುಷ್ಯರಿಗೆ ಹೋಗಬೇಕು. ನೆಟ್ ಹೋಯಿತು, ಪರದೆ ತೆರೆಯಲಿಲ್ಲ ಎಂಬಂಥವು ಸಿಸ್ಟಂ ಎಕ್ಸೆಪ್ಶನ್, ಮತ್ತೆ ಓಡಿಸಿದರೆ ಸರಿಹೋಗಬಹುದು. ಬಾಟ್ ಕಟ್ಟುವ ತಂತ್ರಾಂಶ ಯುಐಪಾತ್‌ನ ಚೌಕಟ್ಟಿನಲ್ಲಿ `BusinessRuleException` ಎಂದು ಎಸೆದದ್ದನ್ನು ಬಾಟ್ ಮತ್ತೆ ಪ್ರಯತ್ನಿಸುವುದಿಲ್ಲ, ಉಳಿದದ್ದನ್ನು ಪ್ರಯತ್ನಿಸುತ್ತದೆ. ಸೇವ್ ಒತ್ತುವ ಮೊದಲು ಬಿದ್ದ ಸಿಸ್ಟಂ ಎಕ್ಸೆಪ್ಶನ್ ಅಪಾಯವಿಲ್ಲದ್ದು. ಒತ್ತಿದ ಮೇಲೆ ಬಿದ್ದದ್ದನ್ನು ಕುರುಡಾಗಿ ಮತ್ತೆ ಓಡಿಸಬಾರದು.

ಪರಿಹಾರ: ಪ್ರತಿ ಸೇವ್‌ಗೂ ಮೊದಲು, ಮರುಪ್ರಯತ್ನದಲ್ಲೂ, ಟ್ಯಾಲಿಯಲ್ಲೇ ಹುಡುಕಿ. ಬಾಟ್‌ನ ಸ್ವಂತ ಪಟ್ಟಿಯಲ್ಲಿ ಹುಡುಕಿದರೆ ಉಪಯೋಗವಿಲ್ಲ, ಮೋಸಹೋದದ್ದೇ ಆ ಪಟ್ಟಿ. ಹುಡುಕಲು ಬಳಸುವ ಗುರುತು ಮೂರು ಸೇರಿದ್ದು: ಪಾರ್ಟಿಯ ಜಿಎಸ್‌ಟಿ ಸಂಖ್ಯೆ, ಬಿಲ್ ನಂಬರ್, ಹಣಕಾಸು ವರ್ಷ. ವರ್ಷ ಬೇಕೇ ಬೇಕು, ಏಪ್ರಿಲ್‌ನಲ್ಲಿ ಎಷ್ಟೋ ಅಂಗಡಿಗಳು ಮತ್ತೆ 1ರಿಂದ ಶುರು ಮಾಡುತ್ತವೆ. ಬಿಲ್ ನಂಬರನ್ನು ಪಠ್ಯವಾಗಿಯೇ ಇಡಿ. ನಡುವೆ ಎಕ್ಸೆಲ್ ಹಾಳೆ ಇದ್ದರೆ `0147` ಅಲ್ಲಿ `147` ಆಗಿಬಿಡುತ್ತದೆ, ಹುಡುಕಾಟ ತಪ್ಪುತ್ತದೆ. ಗುರುತು ಹೊಂದಿದರೆ ನಿಲ್ಲಿಸಿ. ಗುರುತು ಹೊಂದದೆ ಪಾರ್ಟಿ, ದಿನಾಂಕ, ಮೊತ್ತ ಮೂರೂ ಒಂದೇ ಆಗಿದ್ದರೆ ಮನುಷ್ಯರಿಗೆ ಕಳಿಸಿ: `SB` ಅನ್ನು ಓಸಿಆರ್ ಒಮ್ಮೆ `58` ಎಂದು ಓದಿರಬಹುದು.

ಅದೇ ತಂತ್ರಾಂಶದಲ್ಲಿ ಬಾಟ್‌ಗಳಿಗೆ ಕೆಲಸ ಹಂಚುವ ಆರ್ಕೆಸ್ಟ್ರೇಟರ್‌ನ ಕ್ಯೂನಲ್ಲಿ ಯೂನಿಕ್ ರೆಫರೆನ್ಸ್ ಆಯ್ಕೆ ಹಾಕಿದರೆ ಒಂದೇ ಬಿಲ್ ಎರಡು ಸಲ ಕ್ಯೂಗೆ ಸೇರುವುದು ತಪ್ಪುತ್ತದೆ, ಆದರೆ ಅದು ಮರುಪ್ರಯತ್ನವನ್ನು ತಡೆಯುವುದಿಲ್ಲ. ಕರೆಂಟ್ ಹೋಗಿ ಬಾಟ್‌ನ ಕಂಪ್ಯೂಟರೇ ಆಫ್ ಆದರೆ ಕಥೆ ಬೇರೆ. ಬಿಲ್ `In Progress` ಎಂದೇ ನಿಂತು 24 ಗಂಟೆ ಕಳೆದ ಮೇಲೆ `Abandoned` ಆಗುತ್ತದೆ. ಯಾರೋ ಅದನ್ನು ನೋಡಿ ಪಾಪ ಬಾಕಿ ಉಳಿದಿದೆ ಎಂದು ಕೈಯಾರೆ ಎಂಟ್ರಿ ಮಾಡುತ್ತಾರೆ. `Abandoned` ಕಂಡರೆ ಮೊದಲು ಟ್ಯಾಲಿ ನೋಡಿ. ಬಾಟ್‌ನ ಕಂಪ್ಯೂಟರ್, ಟ್ಯಾಲಿ ಸರ್ವರ್, ಇವೆರಡರ ನಡುವಿನ ನೆಟ್‌ವರ್ಕ್ ಸ್ವಿಚ್ ಮೂರಕ್ಕೂ ಯುಪಿಎಸ್ ಬೇಕು. ಸ್ವಿಚ್ಚನ್ನು ಮರೆಯುವುದೇ ಹೆಚ್ಚು.

ಈಗಾಗಲೇ ಆದ ಡಬಲ್ ಎಂಟ್ರಿ ತೆಗೆಯುವ ಮೊದಲು ಬ್ಯಾಕಪ್ ತೆಗೆಯಿರಿ. ಆ ಬಿಲ್‌ಗೆ ಹಣ ಪಾವತಿಯಾಗಿದ್ದರೆ, ಅಥವಾ ಆ ತಿಂಗಳ ಜಿಎಸ್‌ಟಿಆರ್-3ಬಿ ಸಲ್ಲಿಕೆಯಾಗಿದ್ದರೆ ಅಳಿಸಬೇಡಿ, ಆಡಿಟರನ್ನು ಕೇಳಿ. ಎರಡು ಸಲ ತೆಗೆದುಕೊಂಡ ಇನ್‌ಪುಟ್ ಕ್ರೆಡಿಟನ್ನು ಹಿಂತಿರುಗಿಸುವ ಕ್ರಮ ಬೇರೆ ಇದೆ, ವೋಚರ್ ಅಳಿಸಿದರೆ ಅದು ಆಗುವುದಿಲ್ಲ.

## ಲಕ್ಷಣ: ಪಾರ್ಟಿ ಹಳೆಯದು, ಬ್ಯಾಂಕ್ ಖಾತೆ ಹೊಸದು

ಇಲ್ಲಿ ದುರಸ್ತಿ ಮಾಡಲು ಹೋಗಬೇಡಿ. ಬಿಲ್‌ನ ಕೆಳಗಿನ ಖಾತೆ ಸಂಖ್ಯೆ ಅಥವಾ ಐಎಫ್‌ಎಸ್‌ಸಿ ನಿಮ್ಮ ಪಟ್ಟಿಗೆ ಹೊಂದುತ್ತಿಲ್ಲವಾದರೆ ಅದು ಓಸಿಆರ್ ತಪ್ಪಿರಬಹುದು, ಪಾರ್ಟಿ ನಿಜವಾಗಿಯೇ ಬ್ಯಾಂಕ್ ಬದಲಿಸಿರಬಹುದು, ಯಾರೋ ಮೇಲ್ ನಡುವೆ ನುಗ್ಗಿ ಪಿಡಿಎಫ್ ತಿದ್ದಿರಬಹುದು. ಪರದೆ ನೋಡಿ ಇವನ್ನು ಬೇರ್ಪಡಿಸಲು ಸಾಧ್ಯವಿಲ್ಲ. ಪಾರ್ಟಿಯ ಬ್ಯಾಂಕ್ ವಿವರ ಬದಲಿಸುವ ಅಧಿಕಾರ ಬಾಟ್‌ನ ಲಾಗಿನ್‌ಗೆ ಇರಲೇಬಾರದು. ಆ ಪಾರ್ಟಿಯ ಪಾವತಿ ತಡೆಹಿಡಿದು, ನಿಮ್ಮ ಹಳೆಯ ದಾಖಲೆಯಲ್ಲಿರುವ ನಂಬರಿಗೆ ಫೋನ್ ಮಾಡಿ ಕೇಳಿ. ಹೊಸ ಬಿಲ್ ಮೇಲೆ ಅಚ್ಚಾಗಿರುವ ನಂಬರಿಗೆ ಮಾಡಬೇಡಿ. ಹಣ ಆಗಲೇ ಹೋಗಿಬಿಟ್ಟಿದ್ದರೆ ತಕ್ಷಣ ಬ್ಯಾಂಕಿಗೂ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಿ. ಆ ಬಿಲ್‌ನ ಮೂಲ ಮೇಲ್, ಪಿಡಿಎಫ್, ಬಾಟ್‌ನ ಲಾಗ್ ಯಾವುದನ್ನೂ ಅಳಿಸದೆ ಹಾಗೇ ಇಡಿ.